420ರ ಅಂಗಿಗೆ 650 ಎಂದು ಬರೆಯುವ ಮುನ್ನ

ತಿಪಟೂರಿನ ನಮ್ಮ ಅಂಗಡಿಗೆ ಅಂಗಿಗಳು ಹೆಚ್ಚಾಗಿ ಬರುವುದು ಬೆಂಗಳೂರಿನ ಚಿಕ್ಕಪೇಟೆಯ ಸಗಟು ಮಳಿಗೆಗಳಿಂದ. ಗಿರಾಕಿಯ ಎದುರು ಬಾಯಿಗೆ ಬಂದ ಬೆಲೆ ಹೇಳಿ ಆಮೇಲೆ ಇಳಿಸುವ ಪದ್ಧತಿ ನನಗೆ ಒಗ್ಗುವುದಿಲ್ಲ. ಮೂಟೆ ಬಿಚ್ಚಿದ ದಿನವೇ ಪ್ರತಿ ಮಾದರಿಗೂ ಲೆಕ್ಕ ಹಾಕಿ ಚೀಟಿ ಅಂಟಿಸಿಬಿಡುತ್ತೇನೆ. ಆ ಲೆಕ್ಕವನ್ನು ಒಂದೇ ಅಂಗಿಯ ಮೇಲೆ ಇಲ್ಲಿ ಬಿಡಿಸುತ್ತೇನೆ.

ಪೂರ್ಣ ತೋಳಿನ ಹತ್ತಿ ಅಂಗಿ, ಸಗಟು ದರ 420 ರೂಪಾಯಿ, ನಾಲ್ಕು ಅಳತೆಗಳು ಸೇರಿ 60 ಅಂಗಿ. ಬಿಲ್ಲಿನಲ್ಲಿ ಸರಕಿನ ಬೆಲೆ 25,200, ಅದರ ಮೇಲೆ ಶೇ 5ರ ಜಿಎಸ್‌ಟಿ 1,260. ನಮ್ಮ ರಾಜ್ಯದೊಳಗಿನ ಖರೀದಿಯಾದ್ದರಿಂದ ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ ಎಂದು ತೆರಿಗೆ ಎರಡು ಸಾಲಾಗಿ ಕಾಣುತ್ತದೆ. ಲಾರಿ ಬಾಡಿಗೆ, ಹಮಾಲಿ ಸೇರಿ 900 ರೂಪಾಯಿ ಆಯಿತು. ಅದನ್ನು 60ರಿಂದ ಭಾಗಿಸಿದರೆ ಅಂಗಿಗೆ 15. ಅಂದರೆ ನನ್ನ ಅಸಲು 435 ರೂಪಾಯಿ.

ಅಂಗಿಯೊಂದಕ್ಕೆ ಕಟ್ಟಿದ 21 ರೂಪಾಯಿ ತೆರಿಗೆಯನ್ನು ಅಸಲಿಗೆ ಸೇರಿಸಿಲ್ಲ. ನಾನು ಜಿಎಸ್‌ಟಿಯಲ್ಲಿ ನೋಂದಣಿಯಾದವನು. ಖರೀದಿಯಲ್ಲಿ ಕಟ್ಟಿದ್ದನ್ನು ಮಾರಾಟದಲ್ಲಿ ವಸೂಲಾದ ತೆರಿಗೆಯಿಂದ ಕಳೆದುಕೊಳ್ಳಬಹುದು. ಅದನ್ನೂ ಅಸಲಿಗೆ ಸೇರಿಸಿದರೆ ತೆರಿಗೆಯ ಮೇಲೆ ಲಾಭ, ಆ ಲಾಭದ ಮೇಲೆ ಮತ್ತೆ ತೆರಿಗೆ ಎಂದು ಬೆಲೆ ಸುಮ್ಮನೆ ಉಬ್ಬುತ್ತದೆ.

ಸಗಟು ಬೀದಿಯಲ್ಲಿ ಒಂದು ಮಾತು ಸದಾ ಕಿವಿಗೆ ಬೀಳುತ್ತದೆ: 'ಬಿಲ್ ಬೇಡ ಎಂದರೆ ಬರೀ 420 ಕೊಡಿ ಸಾರ್, ತೆರಿಗೆ ಉಳಿಯುತ್ತದೆ.' ಉಳಿಯುವುದೇನೂ ಇಲ್ಲ. ಬಿಲ್ ಇದ್ದರೂ ಇಲ್ಲದಿದ್ದರೂ ನನ್ನ ಅಸಲು 435ರಲ್ಲೇ ನಿಲ್ಲುತ್ತದೆ, ಏಕೆಂದರೆ ಆ 21 ನನಗೆ ಹೇಗೂ ಹಿಂದಕ್ಕೆ ಬರುವ ಹಣ. ಬಿಲ್ ಬಿಟ್ಟರೆ ಮಾರಾಟದ ತೆರಿಗೆಯನ್ನು ಪೂರ್ತಿ ನಾನೇ ಕಟ್ಟಬೇಕು, ಕಳೆಯಲು ಕೈಯಲ್ಲಿ ಏನೂ ಇರುವುದಿಲ್ಲ. ಬಿಲ್ ಪಡೆದರೂ ಸಗಟಿನವರು ಅದನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸಿದ್ದಾರೆಯೇ ಎಂದು ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ತೆರೆದು ನೋಡುತ್ತೇನೆ. ಅಲ್ಲಿ ಕಾಣದ ಬಿಲ್ಲಿನ ತೆರಿಗೆಯನ್ನು ಕಳೆದುಕೊಳ್ಳಲು ಬರುವುದಿಲ್ಲ.

ಇನ್ನು ಲಾಭಾಂಶ. ಅಂಗಿಯಲ್ಲಿ ನನಗೆ ಶೇ 30 ಬೇಕು. ಬಹಳ ಅಂಗಡಿಗಳಲ್ಲಿ 435ರ ಶೇ 30, ಅಂದರೆ 130.50 ಸೇರಿಸಿ 565.50 ಎಂದು ಬರೆಯುತ್ತಾರೆ. ಅದು ಅಸಲಿನ ಮೇಲಿನ ಶೇ 30. ಬಾಡಿಗೆ, ಸಂಬಳ, ಕರೆಂಟ್ ಬಿಲ್ಲುಗಳನ್ನು ನಾನು ಅಳೆಯುವುದು ಮಾರಾಟದ ಹಣದೊಂದಿಗೆ. ನಮ್ಮಲ್ಲಿ ನೂರು ರೂಪಾಯಿ ವ್ಯಾಪಾರವಾದರೆ ಸುಮಾರು 18 ಈ ಖರ್ಚುಗಳಿಗೆ ಹೋಗುತ್ತದೆ. ಹಾಗಿರುವಾಗ ಲಾಭವನ್ನು ಮಾತ್ರ ಅಸಲಿನ ಮೇಲೆ ಅಳೆದರೆ ಎರಡು ಬೇರೆ ತಕ್ಕಡಿಯಲ್ಲಿ ತೂಗಿದಂತಾಗುತ್ತದೆ. 565.50ರಲ್ಲಿ 130.50 ಎಂದರೆ ನೂರಕ್ಕೆ 23 ಮಾತ್ರ. ಮಾರುವ ಬೆಲೆಯಲ್ಲಿ 30 ಲಾಭವಾಗಬೇಕಾದರೆ ಉಳಿದ 70 ಅಸಲಾಗಿರಬೇಕು. ಹಾಗಾಗಿ ನಾನು ಗುಣಿಸುವುದಿಲ್ಲ, ಭಾಗಿಸುತ್ತೇನೆ.

```
435 ÷ 0.70    = 621.43
621.43 × 1.05 = 652.50
```

ತೆರಿಗೆ ಕೊನೆಯಲ್ಲಿ, ಲಾಭ ಸೇರಿದ ಬೆಲೆಯ ಮೇಲೆ ಬರುತ್ತದೆ. 652.50 ಎಂಬುದನ್ನು 650 ಮಾಡಿ ಚೀಟಿಯಲ್ಲಿ ಬರೆಯುತ್ತೇನೆ. ಬೆಲೆಯನ್ನು ದುಂಡಾಗಿಸಿದ ಮೇಲೆ ಲೆಕ್ಕವನ್ನು ಹಿಂದಕ್ಕೆ ಓಡಿಸಿ ನೋಡಬೇಕು. ಇಲ್ಲಿ 650ರಿಂದ ಶೇ 5 ಕಳೆಯಬಾರದು. ಕಳೆದರೆ 617.50 ಬರುತ್ತದೆ, ಅದು ತಪ್ಪು. ತೆರಿಗೆ ಸೇರಿದ ಬೆಲೆಯನ್ನು 1.05ರಿಂದ ಭಾಗಿಸಬೇಕು: 619.05. ಉಳಿದ 30.95 ತೆರಿಗೆ. ಅದರಲ್ಲಿ ಖರೀದಿಯ 21 ಕಳೆದು 9.95 ನಾನು ಸರ್ಕಾರಕ್ಕೆ ಕಟ್ಟಬೇಕಾದದ್ದು. ನನ್ನ ಪಾಲು 184.05, ಹೆಚ್ಚುಕಡಿಮೆ ಶೇ 30. ಗಿರಾಕಿಯ 650 ಹೀಗೆ ಹಂಚಿಹೋಗುತ್ತದೆ: ಸಗಟಿನವರಿಗೆ ತೆರಿಗೆ ಸೇರಿ 441, ಸಾಗಣೆಗೆ 15, ನಾನು ಕಟ್ಟುವ ತೆರಿಗೆ 9.95, ಅಂಗಡಿಗೆ 184.05.

ಗಿರಾಕಿ ಬಿಡುತ್ತಾರೆಯೇ? 'ಹತ್ತು ಪರ್ಸೆಂಟ್ ಬಿಡಿ ಅಣ್ಣ' ಎನ್ನುತ್ತಾರೆ. ಕೇಳಲು ಸಣ್ಣ ಮಾತು. 650ಕ್ಕೆ ಹತ್ತು ಬಿಟ್ಟರೆ 585, ತೆರಿಗೆ ತೆಗೆದರೆ 557.14. ನನಗೆ ಉಳಿಯುವುದು 122.14. ಬೆಲೆಯಲ್ಲಿ ಹತ್ತರಲ್ಲೊಂದು ಭಾಗ ಬಿಟ್ಟರೆ ಲಾಭದಲ್ಲಿ ಮೂರರಲ್ಲೊಂದು ಭಾಗ ಹೋಯಿತು. ಏಕೆಂದರೆ ಸಗಟಿನವರೂ ಲಾರಿಯವರೂ ತಮ್ಮ ಪಾಲಿನಲ್ಲಿ ಒಂದು ಪೈಸೆಯನ್ನೂ ಬಿಡುವುದಿಲ್ಲ. ಹಬ್ಬದ ಸಮಯದಲ್ಲಿ ಶೇ 10 ರಿಯಾಯಿತಿ ಕೊಡುವುದು ಖಚಿತವಿದ್ದರೆ 652.50 ಅನ್ನು 0.90ರಿಂದ ಭಾಗಿಸಿ 725 ಎಂದು ಮೊದಲೇ ಬರೆಯುತ್ತೇನೆ. ರಿಯಾಯಿತಿಯನ್ನು ಬಿಲ್ಲಿನಲ್ಲೇ ತೋರಿಸಿದರೆ ತೆರಿಗೆ ಇಳಿದ ಬೆಲೆಗಷ್ಟೇ ಬೀಳುತ್ತದೆ.

ಅರವತ್ತೂ ಅಂಗಿ ಒಂದೇ ಬೆಲೆಗೆ ಹೋಗುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ನಮ್ಮೂರಿನಲ್ಲಿ 40, 42 ಬೇಗ ಖಾಲಿಯಾಗುತ್ತವೆ, ಅಂಚಿನ ಅಳತೆಗಳು ಕಪಾಟಿನಲ್ಲೇ ಉಳಿಯುತ್ತವೆ. ಆರು ಅಂಗಿಗಳು ಕೊನೆಗೆ 450ಕ್ಕೆ ಹೋದವು ಎಂದುಕೊಳ್ಳಿ. ಆಗ ತೆರಿಗೆ ಬಿಟ್ಟು ಒಟ್ಟು ವ್ಯಾಪಾರ 36,000, ಅಸಲು 26,100, ಉಳಿಕೆ 9,900. ಶೇ 30 ಎಂದು ಹೊರಟದ್ದು 27.5ಕ್ಕೆ ಬಂದು ನಿಂತಿತು. ಅಂಗಡಿ ಖರ್ಚು 18 ಕಳೆದರೆ ನಿಜವಾಗಿ ಜೇಬಿಗೆ ಬಂದದ್ದು 9.5. 'ಅಂಗಿಯಲ್ಲಿ ನೂರಕ್ಕೆ ಮೂವತ್ತು ಹೊಡೆಯುತ್ತೀರಿ' ಎನ್ನುವವರಿಗೆ ಈ ಸಾಲನ್ನು ತೋರಿಸಬೇಕು ಎನಿಸುತ್ತದೆ.

ದುಬಾರಿ ಅಂಗಿಗಳಲ್ಲಿ ಒಂದು ಮುಳ್ಳಿದೆ. 2025ರ ಸೆಪ್ಟೆಂಬರ್ 22ರಿಂದ ಒಂದು ಉಡುಪಿನ ಮಾರಾಟ ಮೌಲ್ಯ 2,500 ರೂಪಾಯಿ ಮೀರದಿದ್ದರೆ ತೆರಿಗೆ ಶೇ 5, ಮೀರಿದರೆ ಶೇ 18. ಅದಕ್ಕೂ ಹಿಂದೆ ಗಡಿ 1,000 ರೂಪಾಯಿ ಇತ್ತು, ಮೇಲಿನ ದರ ಶೇ 12 ಇತ್ತು. ಈ ಮೌಲ್ಯ ತೆರಿಗೆ ಸೇರದ ಬೆಲೆ. ಆದ್ದರಿಂದ ಶೇ 5ರಲ್ಲಿ ಬರೆಯಬಹುದಾದ ಗರಿಷ್ಠ ಚೀಟಿ 2,625. ಒಂದು ರೂಪಾಯಿ ದಾಟಿ 2,501 ಆದರೆ ಗಿರಾಕಿ ಕೊಡಬೇಕಾದದ್ದು 2,951. ನಡುವಿನ 2,700ರಂಥ ಬೆಲೆ ಬರೆದರೆ ಲೆಕ್ಕವೇ ಕೂಡುವುದಿಲ್ಲ: ಶೇ 5ರಂತೆ ಬಿಡಿಸಿದರೆ ಮೌಲ್ಯ 2,571, ಗಡಿ ಮೀರಿತು, ಶೇ 18ರಂತೆ ಬಿಡಿಸಿದರೆ 2,288, ಗಡಿಯೊಳಗೆ ಬಂತು. ಹಾಗಾಗಿ ನಮ್ಮ ಅಂಗಡಿಯಲ್ಲಿ ಆ ನಡುವಿನ ಬೆಲೆಗಳ ಚೀಟಿಯೇ ಇಲ್ಲ. ಲೆಕ್ಕ 2,680 ಎಂದು ಬಂದರೆ 2,625ಕ್ಕೆ ಇಳಿಸುತ್ತೇನೆ.

ಚೀಟಿಯ ಕೆಳಮೂಲೆಯಲ್ಲಿ ಮೂರು ಅಕ್ಷರಗಳಿರುತ್ತವೆ. ಒಂದೂ ಅಕ್ಷರ ಮರುಕಳಿಸದ ಹತ್ತಕ್ಷರದ ಸಾಲೊಂದನ್ನು ಅಪ್ಪ ಕಟ್ಟಿದ್ದರು, ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿ. ಆ ಸಾಲನ್ನು ಇಲ್ಲಿ ಹೇಳುವಂತಿಲ್ಲ. ಆ ಅಕ್ಷರಗಳು ಹೇಳುವುದು ಅಸಲನ್ನಲ್ಲ, ಅಂಗಡಿಯ ಹುಡುಗರು ಚೌಕಾಸಿಯಲ್ಲಿ ಇಳಿಯಬಹುದಾದ ಕೊನೆಯ ಬೆಲೆಯನ್ನು. 435 ಅನ್ನು 0.82ರಿಂದ ಭಾಗಿಸಿ ತೆರಿಗೆ ಸೇರಿಸಿದರೆ 557 ಬರುತ್ತದೆ. ಅಲ್ಲಿಗೆ ಖರ್ಚು ಹುಟ್ಟುತ್ತದೆ, ಲಾಭ ಸೊನ್ನೆ. ಈ ಅಂಗಿಯ ಮೇಲೆ 560 ಎಂದು ಬರೆದಿದ್ದೇನೆ. ಅದಕ್ಕಿಂತ ಕೆಳಗೆ ಕೇಳುವವರನ್ನು ಹುಡುಗರು ಗಲ್ಲಾದ ಕಡೆಗೆ ಕಳುಹಿಸುತ್ತಾರೆ.