ಎಸ್‌ಸಿಸಿ ಮಿಕ್ಸ್ ಡಿಸೈನ್: ಟ್ರಯಲ್ ವರದಿ ಬರೆಯುವುದು ಹೇಗೆ?

ಕಂಬ ಮತ್ತು ಬೀಮ್ ಸೇರುವ ಜಾಗದಲ್ಲಿ ಕಂಬಿಗಳು ಒತ್ತೊತ್ತಾಗಿದ್ದರೆ ವೈಬ್ರೇಟರ್ ಒಳಗೆ ಇಳಿಯುವುದೇ ಇಲ್ಲ. ಅಂಥ ಕಡೆ ತನ್ನ ಭಾರಕ್ಕೇ ಹರಿದು ತುಂಬಿಕೊಳ್ಳುವ ಸೆಲ್ಫ್ ಕಾಂಪ್ಯಾಕ್ಟಿಂಗ್ ಕಾಂಕ್ರೀಟ್, ಅಂದರೆ ಎಸ್‌ಸಿಸಿ ಬಳಸುತ್ತಾರೆ. ಇದರ ಮಿಕ್ಸ್ ಡಿಸೈನನ್ನು ಕನ್ಸಲ್ಟೆಂಟ್ ಒಪ್ಪಿಗೆಗೆ ಕಳಿಸುವಾಗ ಹಲವರು ಕ್ಯೂಬ್ ಬಲವನ್ನೇ ಮುಂದಿಡುತ್ತಾರೆ. ಆದರೆ ಎಸ್‌ಸಿಸಿ ಗೆಲ್ಲುವುದು, ಸೋಲುವುದು ಹಸಿಯಾಗಿದ್ದಾಗಲೇ. ಹಾಗಾಗಿ ವರದಿಯ ಹೆಚ್ಚು ಪುಟಗಳು ಹಸಿ ಕಾಂಕ್ರೀಟಿನ ಪರೀಕ್ಷೆಗೆ ಮೀಸಲಾಗಬೇಕು.

ಉದಾಹರಣೆಗೆ ಎಂ40 ಮಿಕ್ಸ್ ತೆಗೆದುಕೊಳ್ಳೋಣ. ಮೊದಲ ಪುಟದಲ್ಲಿ ಗುರಿ ಬರೆಯಿರಿ. ಐಎಸ್ 10262:2019ರ ಪ್ರಕಾರ, ಸ್ಟ್ಯಾಂಡರ್ಡ್ ಡೀವಿಯೇಷನ್ 5 ಹಿಡಿದರೆ, 40 + 1.65 × 5 = 48.25, ಅಂದರೆ 28 ದಿನಕ್ಕೆ ಚದರ ಮಿಮೀಗೆ ಸರಾಸರಿ 48.25 ನ್ಯೂಟನ್ ಬಲ ಬರಬೇಕು. ಜತೆಗೆ ಹರಿವಿನ ಗುರಿಯನ್ನೂ ಹೇಳಿ. ಸಾಮಾನ್ಯ ಕಂಬ, ಗೋಡೆಗಳಿಗೆ ಸ್ಲಂಪ್ ಫ್ಲೋ, ಅಂದರೆ ಕೋನ್ ಎತ್ತಿದಾಗ ಕಾಂಕ್ರೀಟ್ ತಟ್ಟೆಯ ಮೇಲೆ ಹರಡುವ ಅಗಲ, 660ರಿಂದ 750 ಮಿಮೀ ಸಾಕು.

ಆಮೇಲೆ ಒಂದು ಘನ ಮೀಟರ್‌ಗೆ ಸಾಮಗ್ರಿ ಎಷ್ಟು ಅನ್ನುವುದು. ನಮ್ಮ ಮಿಕ್ಸ್‌ನಲ್ಲಿ ಸಿಮೆಂಟ್ 350 ಕಿಲೋ, ಹಾರುಬೂದಿ 150, ನೀರು 180, ಎಂ-ಸ್ಯಾಂಡ್ 850, 12.5 ಮಿಮೀ ಜಲ್ಲಿ 795. ಮಾಮೂಲಿ ಕಾಂಕ್ರೀಟಿಗಿಂತ ಇಲ್ಲಿ ಪುಡಿ, ಅಂದರೆ ಸಿಮೆಂಟ್ ಮತ್ತು ಹಾರುಬೂದಿ, ಜತೆಗೆ ಮರಳು ಜಾಸ್ತಿ, ಜಲ್ಲಿ ಕಡಿಮೆ. ಜಲ್ಲಿಗಳು ಒಂದಕ್ಕೊಂದು ತಾಗಿ ಕಂಬಿಗಳ ನಡುವೆ ಸಿಕ್ಕಿಕೊಳ್ಳದಂತೆ ಪೇಸ್ಟ್ ಅವನ್ನು ಹೊತ್ತು ಸಾಗಬೇಕು, ಅದಕ್ಕೇ ಈ ಲೆಕ್ಕ.

ಮರಳಿನ ತೇವದ ತಿದ್ದುಪಡಿಯನ್ನು ಮರೆಯದೆ ತೋರಿಸಿ. ಎಂ-ಸ್ಯಾಂಡ್‌ನ ಮೇಲ್ಮೈಯಲ್ಲಿ 3% ನೀರಿದ್ದರೆ 850 ಕಿಲೋಗೆ ಸುಮಾರು 25 ಲೀಟರ್ ಆಯಿತು. ಅಷ್ಟನ್ನು 180ರಲ್ಲಿ ಕಳೆಯದೆ ಹಾಗೇ ಸುರಿದರೆ ಮಿಕ್ಸ್ ಒಡೆದೇ ಹೋಗುತ್ತದೆ.

ಈಗ ಟ್ರಯಲ್‌ಗಳು. ಮೂರು ಬ್ಯಾಚ್ ಮಾಡಿದ್ದೇವೆ, ಬದಲಿಸಿದ್ದು ಹರಿವು ಹೆಚ್ಚಿಸುವ ಅಡ್‌ಮಿಕ್ಸ್ಚರ್ ಪ್ರಮಾಣ ಒಂದನ್ನೇ ಎಂದುಕೊಳ್ಳಿ. ಪುಡಿಯ ತೂಕದ 0.8% ಹಾಕಿದಾಗ ಹರಿವು 590 ಮಿಮೀ. ಎಲ್-ಬಾಕ್ಸ್‌ನಲ್ಲಿ ಕಂಬಿ ದಾಟಿದ ನಂತರದ ಎತ್ತರ, ದಾಟುವ ಮುಂಚಿನ ಎತ್ತರದ 0.68 ಪಾಲು ಮಾತ್ರ. ಕನಿಷ್ಠ 0.80 ಬೇಕು, ಹಾಗಾಗಿ ಇದು ಫೇಲ್.

1.2%ಗೆ ಏರಿಸಿದಾಗ ಹರಿವು 770 ಮಿಮೀ ಮುಟ್ಟಿತು. ನಂಬರ್ ನೋಡಿ ಖುಷಿಪಡಬೇಡಿ, ತಟ್ಟೆಯನ್ನು ಬಗ್ಗಿ ನೋಡಿ. ಹರಡಿದ ಕಾಂಕ್ರೀಟಿನ ಅಂಚಿನಲ್ಲಿ ಜಲ್ಲಿಯೇ ಇಲ್ಲದ ತೆಳು ನೀರಿನ ಉಂಗುರ, ಮಧ್ಯದಲ್ಲಿ ಜಲ್ಲಿಯ ಗುಡ್ಡೆ ಕಂಡರೆ ಮಿಕ್ಸ್ ಬೇರ್ಪಡುತ್ತಿದೆ ಎಂದೇ ಅರ್ಥ. ಜರಡಿ ಪರೀಕ್ಷೆಯೂ ಅದನ್ನೇ ಹೇಳಿತು: ಜರಡಿಯ ಮೇಲೆ ಸುರಿದ ಕಾಂಕ್ರೀಟಿನಲ್ಲಿ 24% ಕೆಳಗಿಳಿಯಿತು. 20% ದಾಟಿದರೆ ಬಳಸುವಂತಿಲ್ಲ.

1.0%ಗೆ ಬಂದಾಗ ಹದ ಸಿಕ್ಕಿತು. ಹರಿವು 705 ಮಿಮೀ, 500 ಮಿಮೀ ಗುರುತು ಮುಟ್ಟಲು 3.5 ಸೆಕೆಂಡ್, ವಿ-ಫನಲ್ ಖಾಲಿಯಾಗಲು 10 ಸೆಕೆಂಡ್, ಎಲ್-ಬಾಕ್ಸ್ 0.88, ಜರಡಿ 11%. ಫೇಲಾದ ಎರಡನ್ನೂ ವರದಿಯಲ್ಲಿ ಫೋಟೊ ಸಮೇತ ಇಡಿ. ಅಡ್‌ಮಿಕ್ಸ್ಚರ್ ಎರಡೂ ಕಡೆ ಎಷ್ಟು ಜರುಗಿದರೆ ಮಿಕ್ಸ್ ಕೆಡುತ್ತದೆ ಅಂತ ಕನ್ಸಲ್ಟೆಂಟ್‌ಗೆ ಗೊತ್ತಾಗುವುದು ಅವುಗಳಿಂದಲೇ ಅಲ್ವಾ?

ಪ್ರತಿ ಅಳತೆಯ ಪಕ್ಕ ಸಮಯ ಮತ್ತು ಕಾಂಕ್ರೀಟಿನ ಉಷ್ಣತೆ ಇರಲಿ. ಹರಿವನ್ನು ಒಂದಕ್ಕೊಂದು ಅಡ್ಡವಾಗಿ ಎರಡು ಕಡೆ ಅಳೆದು ಸರಾಸರಿ ಬರೆಯಿರಿ. ಎರಡರ ನಡುವೆ 50 ಮಿಮೀಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಪರೀಕ್ಷೆ ಮತ್ತೆ ಮಾಡಿ. ಮಿಕ್ಸರ್‌ನಿಂದ ಹೊರಬಂದ ತಕ್ಷಣದ ಅಳತೆಯಷ್ಟೇ ಸಾಲದು. ಲಾರಿ ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ನಿಲ್ಲಬಹುದು. ಅದೇ ಬ್ಯಾಚನ್ನು 90 ನಿಮಿಷದ ನಂತರ ಮತ್ತೆ ಅಳೆಯಿರಿ. ನಮ್ಮ ಮೂರನೇ ಬ್ಯಾಚ್ 670 ಮಿಮೀಗೆ ಇಳಿದಿದ್ದರೂ ಗುರಿಯೊಳಗೇ ಇದೆ.

ಕ್ಯೂಬ್ ಹಾಕುವಾಗ ರಾಡಿನಿಂದ ಕುಟ್ಟಬೇಡಿ, ವೈಬ್ರೇಟರ್ ಮೇಜಿನ ಮೇಲೂ ಇಡಬೇಡಿ. ಅಚ್ಚಿಗೆ ಸುಮ್ನೆ ಸುರಿದು ಮೇಲೆ ಮಟ್ಟ ಮಾಡಿ, ಹಾಗೆ ಮಾಡಿದ್ದೇವೆ ಅಂತ ವರದಿಯಲ್ಲೂ ಬರೆಯಿರಿ. 28 ದಿನಕ್ಕೆ 50.0, 51.5, 52.4 ಬಂದರೆ ಸರಾಸರಿ 51.3. ಗುರಿ ದಾಟಿತು.

ಕೊನೆಯ ಪುಟ ಸೈಟ್ ಎಂಜಿನಿಯರ್‌ಗೆ. ಲಾರಿ ಬಂದಾಗ ಹರಿವು 660ರಿಂದ 750 ಇದ್ದರೆ ಸುರಿಯಬಹುದು. ಅದಕ್ಕಿಂತ ಕಡಿಮೆಯಿದ್ದರೆ ನೀರು ಹಾಕುವಂತಿಲ್ಲ. ಟ್ರಯಲ್‌ನಲ್ಲಿ ಪರೀಕ್ಷಿಸಿದ ಮಿತಿಯೊಳಗೆ ಅಡ್‌ಮಿಕ್ಸ್ಚರ್ ಸೇರಿಸಿ, ಡ್ರಮ್ ಚೆನ್ನಾಗಿ ತಿರುಗಿಸಿ ಮತ್ತೆ ಅಳೆಯಬೇಕು. ಅಂಚಿನಲ್ಲಿ ನೀರಿನ ಉಂಗುರ ಕಂಡರೆ, ಹರಿವು ಎಷ್ಟೇ ಇರಲಿ, ಆ ಲಾರಿಯನ್ನು ವಾಪಸ್ ಕಳಿಸಬೇಕು. ಈ ನಿಯಮಕ್ಕೆ ಪ್ಲಾಂಟ್‌ನವರ ಸಹಿಯನ್ನು ಅದೇ ಪುಟದಲ್ಲಿ ಪಡೆದುಕೊಳ್ಳಿ.