ಉದ್ಧರಣೆ, ಹೆಸರು, ಪುಟಸಂಖ್ಯೆ: ಪುಸ್ತಕ ವಿಮರ್ಶೆಯ ಕರಡು ತಿದ್ದುವುದು ಹೇಗೆ?

ವಿದ್ಯಾರ್ಥಿ ಬರೆದ ಪುಸ್ತಕ ವಿಮರ್ಶೆಯ ಕರಡು ತಿದ್ದಲು ಕೂರುವ ಮುನ್ನ ಆ ಪುಸ್ತಕವನ್ನು ಕೈಗೆ ತೆಗೆದುಕೊಳ್ಳಿ. ಅದೇ ಪುಸ್ತಕವಾದರೆ ಸಾಲದು, ವಿದ್ಯಾರ್ಥಿ ಓದಿದ ಮುದ್ರಣವೇ ಬೇಕು. ಮರುಮುದ್ರಣದಲ್ಲಿ ಅಕ್ಷರದ ಗಾತ್ರ ಬದಲಾದರೂ ಸಾಕು, 47ನೇ ಪುಟದ ಸಾಲು 52ಕ್ಕೆ ಹೋಗಿರುತ್ತದೆ. ಆಗ ಸರಿಯಾಗಿದ್ದ ಪುಟಸಂಖ್ಯೆಯನ್ನೇ ನೀವು ತಪ್ಪೆಂದು ಹೊಡೆದುಹಾಕುವ ಅಪಾಯವಿದೆ.

ಮೊದಲ ಸುತ್ತಿನಲ್ಲಿ ಏನನ್ನೂ ತಿದ್ದಬೇಡಿ. ಪೆನ್ಸಿಲ್ ಹಿಡಿದು ಉದ್ಧರಣ ಚಿಹ್ನೆಯೊಳಗಿನ ಸಾಲುಗಳು, ಕೃತಿಗಳ ಹೆಸರುಗಳು, ಪುಟಸಂಖ್ಯೆಗಳು ಇವಿಷ್ಟಕ್ಕೆ ಗುರುತು ಹಾಕುತ್ತಾ ಹೋಗಿ. ವಿದ್ಯಾರ್ಥಿಯ ಸರಳ ಬರಹದ ನಡುವೆ ಇದ್ದಕ್ಕಿದ್ದಂತೆ ತೂಕದ ವಾಕ್ಯವೊಂದು ಕಂಡರೆ ಅದಕ್ಕೂ ಗುರುತು ಹಾಕಿ. ಹಿಂಬದಿಯ ರಕ್ಷಾಪುಟದಿಂದಲೋ ಮುನ್ನುಡಿಯಿಂದಲೋ ಉದ್ಧರಣ ಚಿಹ್ನೆಯಿಲ್ಲದೆ ಬಂದ ಮಾತು ಅದಾಗಿರಬಹುದು.

ಎರಡನೆಯ ಸುತ್ತು ಉದ್ಧರಣೆಗಳದು. ವಿಮರ್ಶೆಯ ಸಾಲನ್ನು ಓದಿಕೊಂಡು ಪುಸ್ತಕ ನೋಡಿದರೆ ಕಣ್ಣು ಮೋಸಹೋಗುತ್ತದೆ. ತಲೆಯಲ್ಲಿರುವುದೇ ಪುಟದಲ್ಲೂ ಕಾಣಿಸುತ್ತದೆ. ಆದ್ದರಿಂದ ಪುಸ್ತಕದ ಸಾಲನ್ನು ಒಬ್ಬರು ಪದಪದವಾಗಿ, ಅಲ್ಪವಿರಾಮವನ್ನೂ ಬಿಡದೆ ಗಟ್ಟಿಯಾಗಿ ಓದಲಿ. ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಹಿಂಬಾಲಿಸಲಿ.

ಒಂದು ಮಾದರಿ ನೋಡೋಣ. ಕಾದಂಬರಿಯೊಂದರಲ್ಲಿ ಮಗ ಮನೆಗೆ ಮರಳುವ ಸನ್ನಿವೇಶ ಹೀಗಿದೆ ಎಂದುಕೊಳ್ಳಿ: “ಬಾಗಿಲು ತೆರೆದೇ ಇತ್ತು. ಎಣ್ಣೆ ತೀರಿದ ದೀಪದ ಪಕ್ಕದಲ್ಲಿ ತಾಯಿ ಕುಳಿತಲ್ಲೇ ನಿದ್ದೆಹೋಗಿದ್ದಳು.” ವಿದ್ಯಾರ್ಥಿನಿ ಬರೆದದ್ದು: “ಬಾಗಿಲು ತೆರೆದಿತ್ತು. ತಾಯಿ ನಿದ್ದೆಹೋಗಿದ್ದಳು.” (ಪು. 47)

ಮೇಲ್ನೋಟಕ್ಕೆ ಅರ್ಥ ಒಂದೇ. ಆದರೆ ‘ತೆರೆದೇ ಇತ್ತು’ ಎಂಬಲ್ಲಿನ ‘ಏ’ಕಾರ ಇರುಳೆಲ್ಲ ನಡೆದ ಕಾಯುವಿಕೆಯನ್ನು ಹೇಳುತ್ತದೆ, ‘ಕುಳಿತಲ್ಲೇ’ ಎಂಬುದೂ ಅದನ್ನೇ ಹೇಳುತ್ತದೆ. ಅವೆರಡೂ ಹೋದ ಮೇಲೆ ಮಗನ ಬಗ್ಗೆ ಕಾಳಜಿಯಿಲ್ಲದೆ ಮಲಗಿದ ತಾಯಿ ಉಳಿಯುತ್ತಾಳೆ. ‘ತಾಯಿ ಮಗನಿಗಾಗಿ ಕಾದಿದ್ದಳು’ ಎಂದು ಅದೇ ಪ್ಯಾರಾದಲ್ಲಿ ವಿದ್ಯಾರ್ಥಿನಿ ವಾದಿಸಿದ್ದರೆ, ಆ ವಾದದ ಆಧಾರವನ್ನು ತಾನೇ ಅಳಿಸಿದಂತಾಗುತ್ತದೆ. ಪದ ಬಿಡುವುದು ತಪ್ಪಲ್ಲ, ಬಿಟ್ಟ ಜಾಗದಲ್ಲಿ ಮೂರು ಚುಕ್ಕಿ ಇಡಬೇಕು: “ಬಾಗಿಲು ತೆರೆದೇ ಇತ್ತು. ... ತಾಯಿ ಕುಳಿತಲ್ಲೇ ನಿದ್ದೆಹೋಗಿದ್ದಳು.” ‘ತಾಯಿ’ ಯಾರೆಂದು ತಿಳಿಸಲು ಹೆಸರು ಸೇರಿಸುವುದಾದರೆ ಅದು ಚೌಕ ಆವರಣದೊಳಗೆ ಬರಬೇಕು.

ಪಾತ್ರಗಳ ಆಡುಮಾತನ್ನೂ ಹಳೆಯ ಕಾಗುಣಿತವನ್ನೂ ವಿದ್ಯಾರ್ಥಿಗಳು ತಮಗೆ ಗೊತ್ತಿಲ್ಲದೆಯೇ ಗ್ರಂಥಸ್ಥ ರೂಪಕ್ಕೆ ತಿರುಗಿಸುತ್ತಾರೆ. ತಿದ್ದುವವರಿಗೂ ಆ ಚಾಳಿ ಇರುತ್ತದೆ. ಉದ್ಧರಣೆಯೊಳಗೆ ಪುಸ್ತಕದಲ್ಲಿರುವುದೇ ಸರಿ, ಅಚ್ಚಿನ ತಪ್ಪೂ ಸೇರಿ. ಮಾತು ಯಾರದೆಂಬುದನ್ನೂ ನೋಡಿ. ಖಳಪಾತ್ರದ ಮಾತನ್ನು ‘ಲೇಖಕರು ಹೇಳುತ್ತಾರೆ’ ಎಂದು ಬರೆದರೆ ಅಕ್ಷರಗಳೆಲ್ಲ ಸರಿಯಿದ್ದರೂ ಉದ್ಧರಣೆ ತಪ್ಪೇ.

ಪುಟಸಂಖ್ಯೆಗೆ ಪುಸ್ತಕ ತೆರೆದಿರುವಾಗಲೇ ಬನ್ನಿ. ಮಾದರಿಯಲ್ಲಿ ಮೊದಲ ವಾಕ್ಯ 47ರ ಕೊನೆಯ ಸಾಲಾಗಿದ್ದು ಎರಡನೆಯದು ಪುಟ ಮಗುಚಿದ ಮೇಲೆ ಇದ್ದರೆ ‘ಪು. 47–48’ ಎಂದಾಗಬೇಕು. ಈ ತಪ್ಪು ಪುಟದ ಕೊನೆಯಲ್ಲೇ ಹೆಚ್ಚು, ಆದ್ದರಿಂದ ಉದ್ಧರಣೆ ಮುಗಿಯುವ ಜಾಗವನ್ನು ತಪ್ಪದೆ ನೋಡಿ. ವಾಕ್ಯದೊಳಗೆ ಬರುವ ಉದ್ಧರಣೆಗೆ ಚಿಹ್ನೆ ಮುಚ್ಚಿದ ಮೇಲೆ ಆವರಣ, ಆಮೇಲೆ ಪೂರ್ಣವಿರಾಮ ಎಂಬ ಕ್ರಮ ಹೆಚ್ಚು ಬಳಕೆಯಲ್ಲಿದೆ. ಶಿಕ್ಷಕರು ಬೇರೆ ಪದ್ಧತಿ ಹೇಳಿದ್ದರೆ ಅದೇ ನಡೆಯಲಿ. ಇ-ಪುಸ್ತಕದಲ್ಲಿ ಅಕ್ಷರ ದೊಡ್ಡದು ಮಾಡಿದರೆ ಪರದೆಯ ಪುಟಗಳೇ ಬದಲಾಗುವುದುಂಟು. ಅಲ್ಲಿ ಅಧ್ಯಾಯದ ಸಂಖ್ಯೆ ಕೊಡುವುದೇ ವಾಸಿ.

ಹೆಸರುಗಳ ಕೆಲಸ ಬೇಗ ಮುಗಿಯುತ್ತದೆ. ಪುಸ್ತಕದ ಹೆಸರನ್ನು ರಕ್ಷಾಪುಟದಿಂದಲ್ಲ, ಒಳಗಿನ ಶೀರ್ಷಿಕೆ ಪುಟದಿಂದ ಪರಿಶೀಲಿಸಿ. ಅಲಂಕಾರಕ್ಕಾಗಿ ಒಡೆದ ಪದ, ಕೈಬಿಟ್ಟ ಉಪಶೀರ್ಷಿಕೆ ಅಲ್ಲಿ ಪೂರ್ಣರೂಪದಲ್ಲಿ ಸಿಗುತ್ತವೆ. ಇಡೀ ಪುಸ್ತಕದ ಹೆಸರಿಗೆ ಓರೆ ಅಕ್ಷರ, ಕೈಬರಹದಲ್ಲಾದರೆ ಅಡಿಗೆರೆ. ಸಂಕಲನದೊಳಗಿನ ಒಂದು ಕಥೆ ಅಥವಾ ಕವಿತೆಗೆ ಉದ್ಧರಣ ಚಿಹ್ನೆ. ಕನ್ನಡ ಲಿಪಿಯಲ್ಲಿ ಓರೆ ಅಕ್ಷರ ಎದ್ದು ಕಾಣದಿದ್ದರೆ ಪುಸ್ತಕದ ಹೆಸರನ್ನೂ ಒಂಟಿ ಚಿಹ್ನೆಯೊಳಗೆ ಇಡಬಹುದು. ಆದರೆ ಸಂಕಲನಕ್ಕೂ ಅದರೊಳಗಿನ ಕಥೆಗೂ ಒಂದೇ ಹೆಸರಿದ್ದಾಗ ಯಾವುದರ ಮಾತು ನಡೆದಿದೆ ಎಂಬುದು ಓದುಗರಿಗೆ ತಿಳಿಯಬೇಕು. ಅಂಥಲ್ಲಿ ‘ಸಂಕಲನ’, ‘ಕಥೆ’ ಎಂಬ ಪದವನ್ನೇ ಪಕ್ಕದಲ್ಲಿ ಸೇರಿಸಲು ಹೇಳಿ.

ತಪ್ಪು ಸಿಕ್ಕಿದಲ್ಲಿ ನೀವೇ ಬದಲಿಸಿ ಬರೆಯದೆ ಅಂಚಿನಲ್ಲಿ ‘ಪು. 47, ಕೊನೆಯ ಸಾಲು ನೋಡು, ಒಂದು ಪದ ಬಿಟ್ಟಿದೆ’ ಎಂದಷ್ಟೇ ಗುರುತಿಸಿ ಕೊಡಿ. ವಿದ್ಯಾರ್ಥಿ ತಿದ್ದಿ ತಂದ ಮೇಲೆ ಬದಲಾದ ಉದ್ಧರಣೆಗಳನ್ನು ಮತ್ತೊಮ್ಮೆ ಪುಸ್ತಕದ ಪಕ್ಕದಲ್ಲಿಟ್ಟು ಓದಿ. ಒಂದು ಪದ ಸೇರಿಸುವಾಗ ಮುಂದಿನ ಪದ ಅಳಿದುಹೋಗುವುದು ಈ ಹಂತದಲ್ಲೇ.