ಪಾಕೀಟಿಗೆ ಫಾಂಟ್ ಆರಿಸುವ ಮೊದಲು ನಾನು ನೋಡುವ ಲೈಸೆನ್ಸ್ ಸಂಗತಿಗಳು

ಸಾಂಬಾರ್ ಪುಡಿ ಪಾಕೀಟಿನ ಕೆಲಸ ಬಂದರೆ ನಾನು ಮೊದಲು ಯೋಚಿಸುವುದು, ಫಾಂಟಿನ ಫೈಲು ಯಾರ್ಯಾರ ಕೈಗೆ ಹೋಗಲಿದೆ ಎಂದು. ತಕರಾರು ಹುಟ್ಟುವುದು ಹೆಚ್ಚಾಗಿ ಫೈಲಿನಿಂದ, ಅಚ್ಚಾದ ಅಕ್ಷರದಿಂದಲ್ಲ.

ಕನ್ನಡದ ಹೆಸರಿಗೆ ಬಲೂ ತಮ್ಮ 2 ಅಥವಾ ಅನೇಕ್ ಕನ್ನಡ ಎಂಬ ಫಾಂಟ್ ಹಾಕಿದರೆ ದಾರಿ ಸುಲಭ. ಎರಡೂ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ 1.1ರಲ್ಲಿವೆ. ಪಾಕೀಟು ಎಷ್ಟು ಲಕ್ಷ ಅಚ್ಚಾದರೂ ಶುಲ್ಕವಿಲ್ಲ, ಹೆಸರು ಹಾಕಿ ಕೃತಜ್ಞತೆ ಹೇಳಬೇಕೆಂದೂ ಇಲ್ಲ. ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ, ಅಷ್ಟೆ. ಒತ್ತಕ್ಷರವೊಂದನ್ನು ತಿದ್ದಿ ಹೊಸ ಫಾಂಟ್ ಫೈಲು ಮಾಡಿ ಹಂಚಿದರೆ ಅದೂ ಇದೇ ಲೈಸೆನ್ಸಿನಲ್ಲಿರಬೇಕು. ಮೂಲದವರು ಹೆಸರನ್ನು ಕಾಯ್ದಿರಿಸಿದ್ದರೆ ಬೇರೆ ಹೆಸರಿಡಬೇಕು. ಪಾಕೀಟಿನ ಚಿತ್ರದಲ್ಲೇ ಅಕ್ಷರ ತಿದ್ದಿಕೊಂಡರೆ ಈ ಯಾವ ಷರತ್ತೂ ತಾಗುವುದಿಲ್ಲ.

ಇಂಗ್ಲಿಷ್ ಸಾಲಿಗೆ ಗಿರಾಕಿ ದುಡ್ಡಿನ ಫಾಂಟನ್ನೇ ಕೇಳಿದರೆ ಒಪ್ಪಂದ ಪೂರ್ತಿ ಓದುತ್ತೇನೆ. ಡೆಸ್ಕ್‌ಟಾಪ್ ಲೈಸೆನ್ಸ್ ಸಾಮಾನ್ಯವಾಗಿ ಇಷ್ಟು ಕಂಪ್ಯೂಟರಿಗೆ ಅಥವಾ ಇಷ್ಟು ಜನಕ್ಕೆ ಎಂದು ಲೆಕ್ಕ ಹಾಕಿರುತ್ತದೆ. ಮಾರಾಟದ ಸರಕಿನ ಮೇಲೆ, ಲೋಗೋದಲ್ಲಿ ಬಳಸಬಹುದೇ, ಅಕ್ಷರದ ಆಕಾರ ತಿದ್ದಬಹುದೇ ಎಂಬುದು ಫಾಂಟ್ ಮಾಡಿ ಮಾರುವ ಫೌಂಡ್ರಿಯಿಂದ ಫೌಂಡ್ರಿಗೆ ಬದಲಾಗುತ್ತದೆ. ಅದೇ ಬ್ರ್ಯಾಂಡಿನ ವೆಬ್‌ಸೈಟಿಗೂ ಆ್ಯಪಿಗೂ ಬಹುತೇಕ ಬೇರೆ ಲೈಸೆನ್ಸ್ ಬೇಕು. ಬಿಲ್ ನನ್ನ ಹೆಸರಲ್ಲಿದ್ದರೆ ಫಾಂಟ್ ಫೈಲನ್ನು ಗಿರಾಕಿಗೆ ದಾಟಿಸುವ ಹಕ್ಕು ನನಗೆ ಸಾಮಾನ್ಯವಾಗಿ ಇರುವುದಿಲ್ಲ. ಮುಂದೆ ಅವರೇ ಲೇಬಲ್ ತಿದ್ದುವವರಾದರೆ ಅವರ ಹೆಸರಲ್ಲೇ ಕೊಳ್ಳಲು ಹೇಳುತ್ತೇನೆ.

'ಉಚಿತ' ಎಂದು ಬೇರೆ ತಾಣದಿಂದ ಇಳಿಸಿದ ಫಾಂಟಿನ ಹೊಟ್ಟೆಯೊಳಗೇ ಉತ್ತರ ಇರುವುದುಂಟು. ಫಾಂಟ್‌ಟೂಲ್ಸ್ ಎಂಬ ತಂತ್ರಾಂಶ ಹಾಕಿಕೊಂಡು ಹೀಗೆ ನೋಡಬಹುದು:

```
ttx -t name -o - font.ttf
```

`nameID="0"` ಹಕ್ಕುಸ್ವಾಮ್ಯದ ಸಾಲು, 13 ಲೈಸೆನ್ಸಿನ ವಿವರ, 14 ಅದರ ವಿಳಾಸ. 13ರಲ್ಲಿ `personal use only` ಎಂದಿದ್ದರೆ ತಾಣ ಏನೇ ಹೇಳಲಿ, ಪಾಕೀಟಿಗೆ ಅದು ಬೇಡ. ಈ ಜಾಗ ಖಾಲಿಯಿದ್ದರೆ ಅನುಮತಿ ಇದೆ ಎಂದರ್ಥವಲ್ಲ; ಮೂಲ ವಿನ್ಯಾಸಕರ ಪುಟದಲ್ಲೇ ಹುಡುಕಬೇಕು.

ಪ್ರೆಸ್ಸಿಗೆ ಕಳಿಸುವಾಗ ಮೂಲ ಕಡತದ ಜೊತೆ ಫಾಂಟ್ ಫೋಲ್ಡರನ್ನೂ ಕಟ್ಟಿ ಕೊಡುವ ರೂಢಿಯಿದೆ. ಓಪನ್ ಫಾಂಟಾದರೆ ಅದರ ಲೈಸೆನ್ಸ್ ಕಡತವನ್ನೂ ಜೊತೆಗಿಟ್ಟು ಕೊಡಬಹುದು, ದುಡ್ಡಿನ ಫಾಂಟಿನಲ್ಲಿ ಹೆಚ್ಚಾಗಿ ಅಲ್ಲೇ ಒಪ್ಪಂದ ಮುರಿಯುತ್ತದೆ. ಹಾಗಾಗಿ ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡಿ, ಅಂದರೆ ಬರಿಯ ಆಕಾರಗಳಾಗಿ ಬದಲಿಸಿ, ಪಿಡಿಎಫ್ ಕೊಡುತ್ತೇನೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಒತ್ತಕ್ಷರ ಕಳಚಿಕೊಳ್ಳುವ ಕಾಟವೂ ಇದರಿಂದ ತಪ್ಪುತ್ತದೆ. ಔಟ್‌ಲೈನ್ ಆದ ಮೇಲೆ ಕಾಗುಣಿತ ತಿದ್ದಲಾಗದು, ಆದ್ದರಿಂದ ತಿದ್ದಬಹುದಾದ ಪ್ರತಿ ನನ್ನಲ್ಲಿ ಉಳಿಯುತ್ತದೆ. ಪಾಪ್ಲರ್ ಎಂಬ ತಂತ್ರಾಂಶ ಹಾಕಿಕೊಂಡು `pdffonts label.pdf` ಎಂದು ಕೊಟ್ಟಾಗ ಪಟ್ಟಿ ಖಾಲಿ ಬಂದರೆ ಯಾವ ಫಾಂಟೂ ಒಳಗೆ ಉಳಿದಿಲ್ಲ.

ಬಿಲ್, ಕೊಂಡ ದಿನದ ಒಪ್ಪಂದದ ಪ್ರತಿ, ಓಪನ್ ಫಾಂಟಿನ ಲೈಸೆನ್ಸ್ ಕಡತವಾದ `OFL.txt` ಮೂರನ್ನೂ ಆ ಪಾಕೀಟಿನ ಫೋಲ್ಡರಿನಲ್ಲೇ ಇಡುತ್ತೇನೆ. ಫೌಂಡ್ರಿಗಳು ಷರತ್ತು ಬದಲಿಸುತ್ತವೆ, ಹಳೆಯ ಪುಟ ಆಮೇಲೆ ಸಿಗುವುದಿಲ್ಲ.